ಕ್ವೀನ್ ಹೋಯ್ತು, ರಾಜ ಯಾವಾಗ ಹೊರಡಬೇಕು?

ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಮಾತು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಸರ್, ಓಪನಿಂಗ್‌ನಲ್ಲೇ ಕ್ವೀನ್‌ಗಳು ಬದಲಾದವು. ಎಂಡ್‌ಗೇಮ್‌ನಲ್ಲಿ ರಾಜ ಮಧ್ಯಕ್ಕೆ ಬರಬೇಕು ಅಂತೀರಲ್ಲ, ಹಾಗೇ ರಾಜನನ್ನು ಮಧ್ಯಕ್ಕೆ ತಂದೆ. ಹದಿನೈದೇ ನಡೆಯಲ್ಲಿ ಸೋತೆ. ಎಲ್ಲಿ ತಪ್ಪಾಯ್ತು?"

ತಪ್ಪಾದದ್ದು "ಎಂಡ್‌ಗೇಮ್" ಅನ್ನೋ ಪದದಲ್ಲಿ. ಕ್ವೀನ್ ಹೋದ ಮಾತ್ರಕ್ಕೆ ಎಂಡ್‌ಗೇಮ್ ಆಗುವುದಿಲ್ಲ. ಎದುರಾಳಿಯ ಆನೆ, ಒಂಟೆ, ಕುದುರೆಗಳೆಲ್ಲ ಹಲಗೆ ಮೇಲಿದ್ದರೆ ಅದು ಕ್ವೀನ್ ಇಲ್ಲದ ಮಿಡಲ್‌ಗೇಮ್. ಅಲ್ಲಿ ರಾಜ ಒಂದೆರಡು ಹೆಜ್ಜೆ ಇಡಬಹುದು, ಇಡಲೂ ಬೇಕು. ಆದರೆ ಅವನು ಹೋಗುವ ಮನೆಯಲ್ಲಿ ಅವನಿಗೊಂದು ಕೆಲಸ ಇರಬೇಕು. ಅಲ್ಲಿ ಅವನಿಗೆ ಸುಲಭವಾಗಿ ಚೆಕ್ ಬೀಳಬಾರದು. ಉತ್ತರ ಇಷ್ಟೇ. ಆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಅದರ ಹಿಂದೆ ಒಂದು ಗಟ್ಟಿ ನಂಬಿಕೆ ಕೂತಿದೆ: ಕ್ವೀನ್ ಇಲ್ಲದಿದ್ದರೆ ರಾಜನಿಗೆ ಅಪಾಯ ಇಲ್ಲ ಅನ್ನೋದು. ಇವತ್ತು ಅದನ್ನು ಬೇರುಸಮೇತ ಕೀಳೋಣ.

ಮೊದಲು 1910ರ ವಿಯೆನ್ನಾಕ್ಕೆ ಹೋಗೋಣ. ರಿಚರ್ಡ್ ರೆಟಿ ಬಿಳಿ, ಟಾರ್ಟಕೋವರ್ ಕಪ್ಪು. ರೆಟಿ 9ನೇ ನಡೆಯಲ್ಲಿ ತಮ್ಮ ಕ್ವೀನನ್ನು d8ಗೆ ಇಟ್ಟು ಕೊಟ್ಟೇಬಿಟ್ಟರು. ಕಪ್ಪು ರಾಜ ಅದನ್ನು ತಿಂದು d8ಗೆ ಬಂದ. 10.Bg5+ ಅಂದಾಗ ಒಂಟೆಯಿಂದ ಒಂದು ಚೆಕ್, ಅದರ ಹಿಂದೆ ತೆರೆದುಕೊಂಡ d1ರ ಆನೆಯಿಂದ ಇನ್ನೊಂದು. ರಾಜ c7ಗೆ ಓಡಿದ. 11.Bd8, ಮೇಟ್. ಮೇಟ್ ಮಾಡಿದ್ದು ಒಂದು ಆನೆ, ಒಂದು ಒಂಟೆ. ರೆಟಿ ಬಳಿ ಆಗ ಕ್ವೀನ್ ಇರಲೇ ಇಲ್ಲ. 1858ರಲ್ಲಿ ಪ್ಯಾರಿಸ್ಸಿನ ಆಪೆರಾ ಮನೆಯಲ್ಲಿ ಮಾರ್ಫಿ ಆಡಿದ ಆಟವೂ ಹಾಗೆಯೇ ಮುಗಿಯಿತು. ಕ್ವೀನ್ ಕೊಟ್ಟ ಮೇಲೆ ಉಳಿದ ಒಂದು ಆನೆ ಮತ್ತು ಒಂದು ಒಂಟೆ 17ನೇ ನಡೆಯಲ್ಲಿ ಮೇಟ್ ಮಾಡಿದವು.

"ಅದೆಲ್ಲ ಕ್ವೀನ್ ಬಲಿಕೊಟ್ಟ ಆಟ, ನಮ್ಮದು ಸುಮ್ನೆ ಬದಲಾದದ್ದು" ಅಂತ ಕೆಲವರು ಹೇಳುತ್ತಾರೆ. ಸರಿ, ಬದಲಾದದ್ದನ್ನೇ ನೋಡೋಣ. ಹಲಗೆ ಹಾಕಿಕೊಳ್ಳಿ. ಫಿಲಿಡೋರ್‌ನಲ್ಲಿ ಮತ್ತೆ ಮತ್ತೆ ಬರುವ ಸಾಲು ಇದು:

```
1.e4 d6 2.d4 Nf6 3.Nc3 e5 4.dxe5 dxe5 5.Qxd8+ Kxd8 6.Bc4
```

ಈಗ ಹಲಗೆ ಮೇಲಿರುವ ಕಾಯಿಗಳನ್ನು ಎಣಿಸಿ. 32ರಲ್ಲಿ ಹೋಗಿರುವುದು ಎರಡು ಕ್ವೀನ್, ಎರಡು ಪಾನ್. ಇನ್ನೂ 28 ಉಳಿದಿವೆ. ಇದನ್ನು ಎಂಡ್‌ಗೇಮ್ ಅನ್ನಬಹುದಾ?

ಬಿಳಿಯ ಒಂಟೆ f7 ಪಾನ್ ಮೇಲೆ ಕಣ್ಣಿಟ್ಟಿದೆ. ಇಲ್ಲಿ ನನ್ನ ಹತ್ತಿರ ಕಲಿಯುವ ಮಕ್ಕಳು ಹತ್ತರಲ್ಲಿ ಏಳು ಜನ ಆಡುವ ನಡೆ 6...Ke7. ಅವರ ತರ್ಕ ನನಗೆ ಗೊತ್ತು. f7 ಕಾಯ್ದ ಹಾಗಾಯ್ತು, ರಾಜ ಮಧ್ಯಕ್ಕೆ ಬಂದ ಹಾಗೂ ಆಯ್ತು. ಆದರೆ ತಕ್ಷಣ 7.Nd5+ ಬೀಳುತ್ತದೆ. ರಾಜ e8ಗೆ ಹಿಂದೆ ಸರಿದರೆ 8.Nxc7+, ರಾಜ ಮತ್ತು a8ರ ಆನೆ ಎರಡೂ ಒಂದೇ ಕುದುರೆಯ ಬಾಯಲ್ಲಿ. d8ಗೆ ಹೋದರೆ c7 ಉಳಿಯುತ್ತದೆ, ಆದರೆ 8.Nxf6 gxf6 9.Bxf7, ಒಂದು ಪಾನ್ ಹೋಯ್ತು. ಹಾಗಾಗಿ ಕುದುರೆಯನ್ನು ಕುದುರೆಯಿಂದಲೇ ತಿನ್ನಬೇಕು: 7...Nxd5 8.Bxd5. ಇದರಲ್ಲಿ ಯಾವ ಕಾಯಿಯೂ ನಷ್ಟವಿಲ್ಲ, ನಿಜ. ಆದರೆ ರಾಜ e7ನಲ್ಲಿ ಕೂತು ತನ್ನದೇ f8ರ ಒಂಟೆಗೆ ಬಾಗಿಲು ಹಾಕಿದ್ದಾನೆ. 8...c6 9.Bb3 f6 ಅಂತ ಮುಂದುವರಿಸಿ ನೋಡಿ. ಕಪ್ಪಿನ ಎರಡು ಆನೆ, ಎರಡು ಒಂಟೆ, ಉಳಿದ ಒಂದು ಕುದುರೆ, ಐದೂ ಹುಟ್ಟಿದ ಮನೆಯಲ್ಲೇ ಇವೆ. ಮುಂದಿನ ನಡೆಯೂ ಬಿಳಿಯದೇ. ಆಟ ಅಲ್ಲೇ ಸೋತಿಲ್ಲ. ಆದರೆ ಇನ್ನು ಇಪ್ಪತ್ತು ನಡೆ ಒದ್ದಾಟ.

ಈಗ ಅದೇ ಸ್ಥಾನದಿಂದ ಸರಿಯಾದ ದಾರಿ:

```
6...Be6 7.Bxe6 fxe6 8.Nf3 Bd6 9.Ng5 Ke7
```

ಅದೇ ರಾಜ, ಅದೇ e7 ಮನೆ. ಆಗ ತಪ್ಪಾಗಿದ್ದ ಮನೆ ಮೂರು ನಡೆ ಕಳೆದ ಮೇಲೆ ಸರಿಯಾದದ್ದು ಹೇಗೆ? ಈ ಪಾಠವನ್ನು ಹೇಳಿಕೊಡುವಾಗ ನನಗೆ ಪ್ರತಿ ಸಲ ಖುಷಿಯಾಗುವ ಜಾಗ ಇದು.

ಮೊದಲನೆಯದು e6 ಪಾನ್. ಒಂಟೆ ಬದಲಾದಾಗ f ಪಾನ್ e6ಗೆ ಬಂತು. ಕಪ್ಪಿನ e ಪಾನ್‌ಗಳು ಜೋಡಿಯಾದವು, ನೋಡಲು ಚೆನ್ನಾಗಿಲ್ಲ. ಆದರೆ ಆ ಪಾನ್ ಈಗ d5 ಮತ್ತು f5 ಎರಡನ್ನೂ ಕಾಯುತ್ತಿದೆ. ಆಗ ರಾಜನನ್ನು ಎಬ್ಬಿಸಿ ಓಡಿಸಿದ Nd5 ಈಗ ಬಂದರೆ exd5, ಬಿಳಿ ಒಂದು ಕುದುರೆ ಕಳೆದುಕೊಂಡಿತು ಅಷ್ಟೇ. ರಾಜನಿಗೆ ತೊಂದರೆ ಕೊಡುತ್ತಿದ್ದ ಬಿಳಿ ಮನೆಗಳ ಒಂಟೆಯೂ ಹಲಗೆ ಮೇಲಿಲ್ಲ.

ಎರಡನೆಯದು ಕೆಲಸ. 9.Ng5 ಆದಾಗ ಬಿಳಿಯ ಕುದುರೆ Nxe6+ ಮತ್ತು Nf7+ ಎರಡನ್ನೂ ಬೆದರಿಸುತ್ತದೆ. f7ಗೆ ಬಂದರೆ ರಾಜ, h8ರ ಆನೆ, d6ರ ಒಂಟೆ ಮೂರಕ್ಕೂ ಏಟು. 9...Ke7 ಅನ್ನೋ ಒಂದೇ ನಡೆ e6 ಮತ್ತು f7 ಎರಡನ್ನೂ ಕಾಯುತ್ತದೆ. ಒಂಟೆ ಮೊದಲೇ d6ಗೆ ಬಂದಿದೆ, ಹಾಗಾಗಿ ರಾಜ ಯಾರ ಬಾಗಿಲಿಗೂ ಅಡ್ಡ ಇಲ್ಲ. ಆನೆಗಳ ನಡುವಿನ ದಾರಿಯೂ ಬಿಚ್ಚುತ್ತದೆ. ಆಮೇಲೆ ...h6 ಅಂತ ಕುದುರೆಯನ್ನು ಓಡಿಸಿ, ...Nc6 ಆಡಿ, ಆನೆಯನ್ನು d8ಗೆ ತಂದರೆ ಕಪ್ಪು ನೆಮ್ಮದಿಯಾಗಿದೆ.

ಆದ್ದರಿಂದ ರಾಜನನ್ನು ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಮನೆಯಲ್ಲಿ ಅವನಿಗೆ ಮುಂದಿನ ನಡೆಯಲ್ಲೇ ಚೆಕ್ ಕೊಡಬಲ್ಲ ಕಾಯಿ ಯಾವುದು, ಚೆಕ್ ಕೊಟ್ಟು ಅದು ಏನು ಗಳಿಸುತ್ತದೆ? ಅಲ್ಲಿಗೆ ಹೋಗಿ ಅವನು ಯಾವ ಪಾನನ್ನು, ಯಾವ ಮನೆಯನ್ನು ಕಾಯುತ್ತಾನೆ? ಮೊದಲನೆಯದಕ್ಕೆ ಉತ್ತರ "Nd5" ಅಂತ ಬಂದರೆ ನಿಲ್ಲಿ. ಎರಡನೆಯದಕ್ಕೆ "ಸುಮ್ನೆ ಮಧ್ಯಕ್ಕೆ" ಅಂತ ಬಂದರೂ ನಿಲ್ಲಿ.

e7ಕ್ಕಿಂತ ಮುಂದೆ ಯಾವಾಗ ಹೋಗಬಹುದು? ಇದೇ ಸ್ಥಾನದಲ್ಲಿ ಮುಂದಿನ ಮೆಟ್ಟಿಲು d6. ಈಗ ಅಲ್ಲಿ ಒಂಟೆ ಕೂತು e5 ಪಾನನ್ನು ಕಾಯುತ್ತಿದೆ. ಕಪ್ಪು ಮನೆಗಳ ಒಂಟೆಗಳು ಬದಲಾದರೆ ಆ ಕಾವಲು ಕೆಲಸ ರಾಜನ ಪಾಲಿಗೆ ಬರಬಹುದು. ಆದರೆ c3ಯಲ್ಲಿ ಬಿಳಿಯ ಕುದುರೆ ಇರುವವರೆಗೆ Nb5+ ಇದ್ದೇ ಇದೆ. d1ಗೆ ಆನೆ ಬಂದರೆ ಆ ಸಾಲಿನಲ್ಲಿ ಚೆಕ್ ಇದ್ದೇ ಇದೆ. d ಸಾಲಿನಲ್ಲಿ ಆನೆಗಳು ಬದಲಾಗಿ, ಆ ಕುದುರೆಯೂ ಹೋದ ದಿನ ರಾಜ d6ಗೆ, ಅಲ್ಲಿಂದ c5ಗೆ ಹೊರಡಲಿ. ನಾನು ಮಕ್ಕಳಿಗೆ ಹೇಳುವ ಲೆಕ್ಕ ಹೀಗಿದೆ: ಎದುರಾಳಿಗೆ ಎರಡು ಆನೆ, ಎರಡು ಚಿಕ್ಕ ಕಾಯಿ ಇದ್ದರೆ ರಾಜ ಎರಡನೇ ಸಾಲು ದಾಟಬಾರದು. ಒಂದು ಆನೆ, ಒಂದು ಚಿಕ್ಕ ಕಾಯಿಗೆ ಇಳಿದರೆ ಧೈರ್ಯವಾಗಿ ಹೊರಡಲಿ. ಇದು ಅಂದಾಜು ಮಾತ್ರ. ಚೆಕ್‌ಗಳನ್ನು ಎಣಿಸುವ ಕೆಲಸವನ್ನು ಇದು ತಪ್ಪಿಸುವುದಿಲ್ಲ.

ದೊಡ್ಡವರು ಇದನ್ನು ಎಷ್ಟು ಜತನದಿಂದ ಮಾಡುತ್ತಾರೆ ಅನ್ನೋದಕ್ಕೆ 2000ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಮೊದಲ ಆಟದಲ್ಲೇ ಕಾಸ್ಪರೋವ್ ಎದುರು ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಆಡಿದರು. 8ನೇ ನಡೆಯಲ್ಲಿ ಕ್ವೀನ್‌ಗಳು ಹೋದವು, ಕಪ್ಪು ರಾಜ d8ನಲ್ಲಿ, ಕ್ಯಾಸ್ಲಿಂಗ್ ಇಲ್ಲ. ನಮ್ಮ ನಂಬಿಕೆ ನಿಜವಾಗಿದ್ದರೆ ಕ್ರಾಮ್ನಿಕ್ ಅಲ್ಲಿಂದ ಮಧ್ಯಕ್ಕೆ ನುಗ್ಗಬೇಕಿತ್ತು, ಅಲ್ವಾ? ಅವರು 11ನೇ ನಡೆಯಲ್ಲಿ Kc8 ಆಡಿದರು, ಮಧ್ಯದಿಂದ ದೂರಕ್ಕೆ. ಎರಡು ನಡೆ ಬಿಟ್ಟು 13.Rad1 ಬಂದಾಗ d ಸಾಲಿನಲ್ಲಿ ರಾಜ ಇರಲಿಲ್ಲ. 20ನೇ ನಡೆಯಲ್ಲಿ Kb7, 23ನೇ ನಡೆಯಲ್ಲಿ ಮತ್ತೆ Kc8, 25ನೇ ನಡೆಗೆ ಡ್ರಾ. ಕ್ವೀನ್ ತಿಂದದ್ದೂ ಸೇರಿ ರಾಜ ನಾಲ್ಕು ಸಲ ಸರಿದ, ಎರಡನೇ ಸಾಲು ದಾಟಲೇ ಇಲ್ಲ. ಆದರೂ ಅವನು ಸೋಮಾರಿಯಲ್ಲ. ತನ್ನ ಕಡೆಯ ಪಾನ್‌ಗಳ ಹತ್ತಿರ ನಿಂತು, ಆನೆಗಳಿಗೆ ಜಾಗ ಬಿಟ್ಟುಕೊಟ್ಟ. ಆ ಪಂದ್ಯದಲ್ಲಿ ಬರ್ಲಿನ್ ನಾಲ್ಕು ಸಲ ಬಂತು, ನಾಲ್ಕೂ ಡ್ರಾ. ಕಾಸ್ಪರೋವ್ ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಿಲ್ಲ.

ಇದನ್ನು ಹೇಳುವಾಗ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನ ತಲೆಗೆ ಬರುತ್ತದೆ. ಎದುರಿನ ಬಿಳಿ ರಾಜ ಏನು ಮಾಡಬೇಕು? ಆ ಮೊದಲ ಆಟದಲ್ಲಿ ಕಾಸ್ಪರೋವ್ 4ನೇ ನಡೆಯಲ್ಲೇ ಕ್ಯಾಸ್ಲಿಂಗ್ ಮಾಡಿದ್ದರು. ಆಮೇಲೆ ಅವರ ರಾಜ g1 ಬಿಟ್ಟು ಅಲ್ಲಾಡಲಿಲ್ಲ. ಕ್ಯಾಸ್ಲಿಂಗ್ ಆದ ರಾಜ ಕ್ವೀನ್ ಹೋದ ಮೇಲೆ ಓಡಿ ಬರಬೇಕು ಅಂತ ಕಲಿತವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಬರ್ಲಿನ್‌ನಲ್ಲಿ ಬಿಳಿಗೆ ರಾಜನ ಕಡೆ ನಾಲ್ಕು ಪಾನ್, ಕಪ್ಪಿಗೆ ಮೂರು. ಗೆಲ್ಲುವ ಆಸೆಯೆಲ್ಲ ಆ ನಾಲ್ಕನ್ನು ಮುಂದೆ ತಳ್ಳುವುದರಲ್ಲಿದೆ. f4, g4 ತಳ್ಳುವಾಗ ಹಿಂದೆ ನಿಂತು ಕಾಯಲು ರಾಜ ಅಲ್ಲೇ ಇರಬೇಕು. ಅಲ್ಲಿಂದ ಅವನ ದಾರಿ g1, g2, g3.

ನಮ್ಮ ಫಿಲಿಡೋರ್ ಸ್ಥಾನದಲ್ಲಿ ಲೆಕ್ಕ ಬೇರೆ. 9...Ke7 ಆದ ಮೇಲೂ ಬಿಳಿ ರಾಜ e1ನಲ್ಲೇ ಇದ್ದಾನೆ, ಎರಡೂ ಕಡೆ ಕ್ಯಾಸ್ಲಿಂಗ್ ಉಳಿದಿದೆ. ಅಲ್ಲಿ ಚಿಕ್ಕ ಕ್ಯಾಸ್ಲಿಂಗ್ ಮಾಡುವ ಮಕ್ಕಳು ಜಾಸ್ತಿ, ಅಭ್ಯಾಸಬಲದಿಂದ. ಆದರೆ ತೆರೆದಿರುವುದು d ಸಾಲು. ಒಂಟೆಯನ್ನು e3ಗೆ ಇಟ್ಟು ದೊಡ್ಡ ಕ್ಯಾಸ್ಲಿಂಗ್ ಮಾಡಿದರೆ ಆನೆ ಒಂದೇ ನಡೆಯಲ್ಲಿ d1ಗೆ ಬರುತ್ತದೆ, ರಾಜ c1ನಿಂದ ಅದಕ್ಕೆ ಬೆಂಬಲ ಕೊಡುತ್ತಾನೆ. ಇಲ್ಲವಾದರೆ Ke2, ಎರಡು ಆನೆಗಳಿಗೂ ದಾರಿ ಬಿಟ್ಟು. g1ಗೆ ಹೋದವನು ಮಾತ್ರ ಆಮೇಲೆ f1, e2 ಅಂತ ಎರಡು ನಡೆ ಖರ್ಚು ಮಾಡಿ ವಾಪಸ್ ಬರಬೇಕಾಗುತ್ತದೆ, ಅಷ್ಟರಲ್ಲಿ ಕಪ್ಪಿನ ಆನೆ d8ಗೆ ಬಂದು ಕೂತಿರುತ್ತದೆ.