ನಗದು ಮುಂಗಡದಿಂದ ಇಬ್ಬರಿಗೂ ಬಿದ್ದ ತೆರಿಗೆ

ಬೆಂಗಳೂರಿನ ನಿವೇಶನವೊಂದನ್ನು ಮಾರಿದವರು ಮತ್ತು ಕೊಂಡವರು ಒಟ್ಟಿಗೆ ನನ್ನ ಕಚೇರಿಗೆ ಬಂದಿದ್ದರು. 2023ರ ಆಗಸ್ಟ್‌ನಲ್ಲಿ 60 ಲಕ್ಷ ರೂಪಾಯಿಗೆ ಕ್ರಯದ ಕರಾರು, ನವೆಂಬರ್‌ನಲ್ಲಿ ನೋಂದಣಿ. ನಡುವೆ ಅಕ್ಟೋಬರ್ 1ರಿಂದ, ಮುದ್ರಾಂಕ ಶುಲ್ಕಕ್ಕೆ ಆಧಾರವಾಗುವ ರಾಜ್ಯದ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. ಕರಾರಿನ ದಿನ 64 ಲಕ್ಷವಿದ್ದ ಮೌಲ್ಯ ನೋಂದಣಿಯ ದಿನ 72 ಲಕ್ಷಕ್ಕೆ ಏರಿತ್ತು.

ಮಾರಿದವರ ವಿಷಯದಲ್ಲಿ, ಮುದ್ರಾಂಕ ಶುಲ್ಕಕ್ಕೆ ಲೆಕ್ಕ ಹಾಕಿದ ಮೌಲ್ಯ ಕ್ರಯದ ಹಣದ ಶೇ 110ನ್ನು ಮೀರಿದರೆ, ಆ ಮೌಲ್ಯವನ್ನೇ ಮಾರಾಟದ ಬೆಲೆ ಎಂದು ಭಾವಿಸಿ ಬಂಡವಾಳ ಲಾಭದ ತೆರಿಗೆ ಹಾಕಲಾಗುತ್ತದೆ. ಈ ಮಾರಾಟಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಂ ಹೇಳುವುದು ಇದನ್ನೇ. ಇಲ್ಲಿ ಮಿತಿ 66 ಲಕ್ಷ. ಹಲವರು 66ರ ಮೇಲಿನ ಆರು ಲಕ್ಷಕ್ಕೆ ಮಾತ್ರ ತೆರಿಗೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಮಿತಿ ದಾಟಿದರೆ ಪೂರ್ತಿ 72 ಲಕ್ಷವೇ ಲೆಕ್ಕಕ್ಕೆ ಬರುತ್ತದೆ. ಕೈಗೆ ಬಾರದ 12 ಲಕ್ಷ ಲಾಭಕ್ಕೆ ಸೇರುತ್ತದೆ.

ಅದೇ 12 ಲಕ್ಷ ಕೊಂಡವರ ಪಾಲಿಗೆ 56(2)(x) ಕಲಂ ಪ್ರಕಾರ ‘ಇತರ ಮೂಲಗಳ ಆದಾಯ’. ವ್ಯತ್ಯಾಸವು 50 ಸಾವಿರ ರೂಪಾಯಿ ಮತ್ತು ಕ್ರಯದ ಹಣದ ಶೇ 10, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಸಾಕು. ಶೇ 30ರ ಹಂತದಲ್ಲಿದ್ದ ಅವರಿಗೆ ಸೆಸ್ ಬಿಟ್ಟು 3.6 ಲಕ್ಷ ರೂಪಾಯಿ ತೆರಿಗೆ ಬಂತು. ಮುಂದೆ ಆ ನಿವೇಶನ ಮಾರುವಾಗ ಖರೀದಿ ವೆಚ್ಚ 72 ಲಕ್ಷವೆಂದು ತೋರಿಸಬಹುದು ಎಂಬುದಷ್ಟೇ ಸಮಾಧಾನ.

ಇಬ್ಬರೂ ಇದರಿಂದ ಪಾರಾಗಬಹುದಿತ್ತು ಎಂಬುದೇ ನನಗೆ ನೋವಿನ ಸಂಗತಿ. ಕರಾರಿನ ದಿನವೋ ಅದಕ್ಕೂ ಮೊದಲೋ ಹಣದ ಸ್ವಲ್ಪ ಭಾಗವಾದರೂ ಅಕೌಂಟ್ ಪೇಯೀ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಸಂದಿದ್ದರೆ, ಕರಾರಿನ ದಿನದ ಮೌಲ್ಯವನ್ನೇ ಪರಿಗಣಿಸಲು ಅವಕಾಶವಿದೆ. ಆಗ 64 ಲಕ್ಷವು 66ರೊಳಗೆ ಉಳಿದು ಇಬ್ಬರಿಗೂ ಹೆಚ್ಚುವರಿ ತೆರಿಗೆ ಇರುತ್ತಿರಲಿಲ್ಲ. ಆದರೆ ಇವರು ಅಂದು ಎರಡು ಲಕ್ಷ ಮುಂಗಡವನ್ನು ನಗದಾಗಿ ಕೊಟ್ಟು, ಬ್ಯಾಂಕ್ ಮೂಲಕ ಮೊದಲ ಕಂತು ಕಳಿಸಿದ್ದು ಹದಿನೈದು ದಿನ ಕಳೆದ ಮೇಲೆ. ಅದು ಲೆಕ್ಕಕ್ಕಿಲ್ಲ. ನಗದು ಪಡೆದದ್ದಕ್ಕೆ ಮಾರಿದವರ ಮೇಲೆ ದಂಡದ ಭಯ ಬೇರೆ.

ಉಳಿದದ್ದು ಒಂದೇ ದಾರಿ. ನಿವೇಶನಕ್ಕೆ ಹೋಗುವ ಹಾದಿ ಎಂಟಡಿಯಷ್ಟೇ ಅಗಲ, ಕಾರು ನುಗ್ಗದು. ‘ಮಾರುಕಟ್ಟೆ ಬೆಲೆ 72 ಲಕ್ಷವಿಲ್ಲ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿ’ ಎಂದು ತೆರಿಗೆ ನಿರ್ಧರಣಾ ಅಧಿಕಾರಿಗೆ ಇಬ್ಬರೂ ಪ್ರತ್ಯೇಕವಾಗಿ ಬರೆದುಕೊಡಬೇಕು. ಹಾದಿಯ ಫೋಟೊ, ಅಳತೆಯ ನಕ್ಷೆ, ಅಕ್ಕಪಕ್ಕದ ಕ್ರಯಪತ್ರಗಳ ಪ್ರತಿ ಜೊತೆಗಿರಲಿ ಎಂದೆ. ಮೌಲ್ಯಮಾಪನ ಅಧಿಕಾರಿ ಕಡಿಮೆ ಮೌಲ್ಯ ನಿಗದಿಪಡಿಸಿದರೆ ಅದೇ ಅನ್ವಯ. ಹೆಚ್ಚು ಹೇಳಿದರೂ 72 ಲಕ್ಷವನ್ನು ಮೀರಿಸುವಂತಿಲ್ಲ.

ಹೊರಡುವಾಗ ಕೊಂಡವರು, ‘ಅಣ್ಣನಿಂದ ಕೊಂಡಿದ್ದರೆ?’ ಎಂದು ಕೇಳಿದರು. ಕಾಯ್ದೆ ಹೆಸರಿಸಿದ ಹತ್ತಿರದ ಬಂಧುವಿನಿಂದ ಕೊಂಡವರಿಗೆ ವಿನಾಯಿತಿ ಇದೆ. ಮಾರುವ ಅಣ್ಣನಿಗೆ ಮಾತ್ರ ಇಲ್ಲ. ಅವರ ಲಾಭವನ್ನು ಆಗಲೂ 72 ಲಕ್ಷದ ಮೇಲೆಯೇ ಎಣಿಸಲಾಗುತ್ತದೆ.