ಹಟ್ಟಿಗೂ ಬಚ್ಚಲಿಗೂ ನಡುವೆ ಗೋಡೆಯಿದೆಯಲ್ಲ, ಹುಲ್ಲಿಗೆ ಬೆಂಕಿ ಹೇಗೆ ಹೋದೀತು?

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆಯ ಹಳೆಯ ಹಂಚಿನ ಮನೆ. ಹಟ್ಟಿಯ ಅಟ್ಟದಲ್ಲಿ ಬೈಹುಲ್ಲು ತುಂಬಿಸಿಡುತ್ತೇವೆ. ಹಟ್ಟಿಗೆ ತಾಗಿಕೊಂಡೇ ಬಚ್ಚಲು, ಅಲ್ಲಿ ಹಂಡೆಯ ಒಲೆ. ನಡುವೆ ಮುರಕಲ್ಲಿನ ದಪ್ಪ ಗೋಡೆಯಿದೆ. ಮೇಲೆ ಹಂಚು, ಅದು ಉರಿಯುವುದಿಲ್ಲ. ಹೀಗಿದ್ದರೂ ಮಗಳು ಊರಿಗೆ ಬಂದಾಗಲೆಲ್ಲ ಹುಲ್ಲು ತೆಗೆಸಿ ಎನ್ನುತ್ತಾಳೆ. ಅಷ್ಟು ಹೆದರಬೇಕೇ?

ಉತ್ತರ: ಮಗಳ ಮಾತು ಸರಿ. ಆದರೆ ಹುಲ್ಲು ತೆಗೆಸುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಕತ್ತಲಾದ ಮೇಲೆ, ಒಲೆ ಆರಿರುವಾಗ, ಒಬ್ಬರು ಬಚ್ಚಲಲ್ಲಿ ನಿಂತು ಟಾರ್ಚನ್ನು ಮಾಡಿನ ಕಡೆಗೆ ಹಿಡಿಯಲಿ. ನೀವು ಹಟ್ಟಿಯ ದೀಪ ಆರಿಸಿ ಅಟ್ಟದ ಕಡೆಗೆ ಮುಖಮಾಡಿ ನಿಲ್ಲಿ. ಗೋಡೆಯ ತಲೆಯ ಮೇಲಿಂದ ಬೆಳಕು ಈಚೆ ಬರುತ್ತಿದ್ದರೆ, ಬೆಳಕು ಬಂದ ದಾರಿಯಲ್ಲೇ ಕಿಡಿಯೂ ಬರುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಳಗೋಡೆಗಳು ಹೆಚ್ಚಾಗಿ ಅಟ್ಟದ ಎತ್ತರಕ್ಕೇ ನಿಂತುಬಿಡುತ್ತವೆ. ಅದರ ಮೇಲೆ ಮಾಡಿನ ಕೆಳಗಿನ ಜಾಗವೆಲ್ಲ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಗಾಳಿಯಾಡಲಿ, ಹೊಗೆ ಹೋಗಲಿ ಎಂದು ಹಿರಿಯರು ಹಾಗೆ ಕಟ್ಟಿದರು, ಅದರಲ್ಲಿ ತಪ್ಪಿಲ್ಲ. ಆದರೆ ಬೆಂಕಿಗೆ ಅದೇ ರಾಜಮಾರ್ಗ. ಹಂಚು ಉರಿಯದು ನಿಜ. ಹಂಚನ್ನು ಹೊತ್ತ ರೀಪು, ಪಕ್ಕಾಸು ಎಲ್ಲ ಮರವೇ, ಅದೂ ಹತ್ತಾರು ವರ್ಷ ಒಣಗಿದ ಮರ. ಜೊತೆಗೆ ಇಲ್ಲಣ ಹಿಡಿದ ಜೇಡರ ಬಲೆ. ಒಂದು ಕಿಡಿ ತಾಗಿದರೆ ಅದು ಬತ್ತಿಯ ಹಾಗೆ ಉರಿದುಕೊಂಡು ಹೋಗುತ್ತದೆ. ಮುಳಿಹುಲ್ಲಿನ ಅಥವಾ ಮಡಲಿನ ಮಾಡಾದರೆ ಇಷ್ಟು ಹೇಳುವ ಅಗತ್ಯವೂ ಇಲ್ಲ, ಅಲ್ಲಿ ಮಾಡೇ ಸೌದೆ.

ಕಿಡಿ ಎಲ್ಲಿಂದ ಬರುತ್ತದೆ ಎಂದರೆ ನಾವು ಉರಿಸುವ ವಸ್ತುವಿನಿಂದ. ದಪ್ಪ ಸೌದೆಯ ಕೆಂಡ ಬಿದ್ದಲ್ಲೇ ಬಿದ್ದಿರುತ್ತದೆ. ಒಣ ಸೋಗೆ, ಮಡಲಿನ ಗರಿ ಹಾಗಲ್ಲ. ಅವು ಭಗ್ಗೆಂದು ಉರಿದು, ಇನ್ನೂ ಕೆಂಪಗಿರುವ ಹಗುರ ತುಣುಕುಗಳು ಬಿಸಿಗಾಳಿಯೊಂದಿಗೆ ಮೇಲೇಳುತ್ತವೆ. ಹೆಚ್ಚಿನವು ದಾರಿಯಲ್ಲೇ ಆರುತ್ತವೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಗಾಳಿಗೆ, ಒಂದು ಆರದೆ ಹೋದರೆ ಸಾಕು.

ಒಲೆಯ ನೇರ ಮೇಲಿರುವ ರೀಪನ್ನೂ ನೋಡಿ. ಕಪ್ಪಾಗಿದ್ದರೆ ಪಿಸುಕತ್ತಿಯ ತುದಿಯಿಂದ ಕೆರೆಯಿರಿ. ಮಸಿ ಮಾತ್ರ ಉದುರಿ ಕೆಳಗೆ ಗಟ್ಟಿ ಮರ ಕಂಡರೆ ಅದು ಬರಿಯ ಹೊಗೆಯ ಕಪ್ಪು. ಮರವೇ ಇದ್ದಿಲಿನಂತೆ ಪುಡಿಯಾಗಿ ಬಂದರೆ ಶಾಖ ಅದನ್ನು ವರ್ಷಗಳಿಂದ ಬೇಯಿಸಿದೆ ಎಂದರ್ಥ. ಅಂಥ ಮರ ಹೊಸ ಮರಕ್ಕಿಂತ ಬೇಗ ಹೊತ್ತುತ್ತದೆ, ಅದನ್ನು ಬದಲಿಸಲೇಬೇಕು. ಕೆಲವರು ರೀಪಿಗೆ ತಗಡನ್ನು ಒತ್ತಿ ಮೊಳೆ ಹೊಡೆಯುತ್ತಾರೆ. ತಗಡು ಕಾದು ಆ ಶಾಖವನ್ನು ಮರಕ್ಕೇ ಕೊಡುವುದರಿಂದ ಪ್ರಯೋಜನ ಕಡಿಮೆ. ತಂತಿಯಲ್ಲಿ ತೂಗುಹಾಕಿ, ಮರಕ್ಕೂ ತಗಡಿಗೂ ನಡುವೆ ನಾಲ್ಕು ಬೆರಳಿನಷ್ಟು ಗಾಳಿಯ ಜಾಗ ಬಿಟ್ಟರೆ ಅದು ನಿಜವಾದ ಅಡ್ಡ.

ನಿಮ್ಮ ಮನೆಗೆ ಮುಖ್ಯ ಕೆಲಸ ಗೋಡೆಯನ್ನು ಏರಿಸುವುದು. ಬಚ್ಚಲು, ಹಟ್ಟಿ ನಡುವಿನ ಗೋಡೆಯನ್ನು ಹಂಚಿನ ಅಡಿಯವರೆಗೂ ಕಟ್ಟಿಸಿ, ರೀಪು ಹಾದುಹೋಗುವ ಕಡೆ ಸುತ್ತಲೂ ಗಾರೆಯಿಂದ ಮುಚ್ಚಿಸಬೇಕು. ಮೇಸ್ತ್ರಿ ಕೊನೆಯ ಅರ್ಧ ಅಡಿ ಬಿಟ್ಟು ‘ಇಷ್ಟು ಸಾಕು’ ಎನ್ನುತ್ತಾನೆ, ಸಾಲದು. ಟಾರ್ಚು ಹಿಡಿದು ನೋಡಿದ ಮೇಲೆಯೇ ಕೂಲಿ ಕೊಡಿ. ಇಷ್ಟಾದರೂ ಗೋಡೆಯ ಮೇಲೆ ಹಾದುಹೋಗುವ ಮರದ ಮೂಲಕ ಬೆಂಕಿ ನಿಧಾನವಾಗಿ ದಾಟಬಲ್ಲದು. ಗೋಡೆ ನಿಮಗೆ ಕೊಡುವುದು ಸಮಯ, ದನ ಬಿಚ್ಚುವಷ್ಟು ಸಮಯ. ಅಂಗಳದಾಚೆ ಜಾಗವಿದ್ದರೆ ಹುಲ್ಲನ್ನು ಬೇರೆ ಕೊಟ್ಟಿಗೆಯಲ್ಲಿಟ್ಟು, ಅಟ್ಟದಲ್ಲಿ ಒಂದು ವಾರಕ್ಕಾಗುವಷ್ಟನ್ನೇ ಇಡುವುದು ಇದಕ್ಕಿಂತ ಒಳ್ಳೆಯದು.

ನೀವು ಕೇಳದಿದ್ದರೂ ಬೂದಿಯ ವಿಷಯ ಹೇಳಬೇಕು. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಬೆಳಗ್ಗೆ ಬಚ್ಚಲು ಒಲೆಯ ಬೂದಿ ತೆಗೆದು, ತೆಂಗಿನ ಬುಡಕ್ಕೆ ಹಾಕಲೆಂದು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ ಹಟ್ಟಿಯ ಮೂಲೆಯಲ್ಲಿಟ್ಟಿದ್ದರು. ಕೈಯಿಟ್ಟು ನೋಡಿಯೇ ಇಟ್ಟದ್ದು, ಮೇಲೆ ತಣ್ಣಗಿತ್ತು. ಪಕ್ಕದಲ್ಲಿ ಒಣಸೊಪ್ಪಿನ ರಾಶಿ. ರಾತ್ರಿ ಎರಡು ಗಂಟೆಗೆ ಎಮ್ಮೆ ಕೂಗಿದ್ದರಿಂದ ಎಚ್ಚರವಾಯಿತು. ಅಷ್ಟರಲ್ಲಿ ಚೀಲದ ಒಂದು ಬದಿ ಕರಗಿ, ಒಳಗಿನ ಗೆರಟೆಯ ಕೆಂಡ ಸೊಪ್ಪಿಗೆ ಬಿದ್ದಿತ್ತು. ಬೂದಿಯೇ ಕೆಂಡಕ್ಕೆ ಕಂಬಳಿ. ಹೊದ್ದುಕೊಂಡ ಕೆಂಡ ಮೂರು ನಾಲ್ಕು ದಿನವೂ ಆರದೆ ಉಳಿಯಬಹುದು. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ, ಮನೆಯ ಹೊರಗೆ, ನೆಲದ ಮೇಲೆ ನಾಲ್ಕು ದಿನ ಇಟ್ಟು ಆಮೇಲೆ ತೋಟಕ್ಕೆ ಒಯ್ಯಿರಿ. ಅವಸರವಿದ್ದರೆ ನೀರು ಹಾಕಿ ಕಲಸಿ. ಮೇಲಿಂದ ಒಂದು ಚೆಂಬು ಸುರಿದರೆ ಆಗದು, ಅಡಿಯವರೆಗೂ ನೆನೆಯಬೇಕು.

ಹುಲ್ಲು ತಾನಾಗಿ ಉರಿಯುವುದುಂಟೇ ಎಂದೂ ಹಲವರು ಕೇಳುತ್ತಾರೆ. ಉಂಟು, ಆದರೆ ಅಪರೂಪ. ಹಸಿ ಹುಲ್ಲಿನ ಅಥವಾ ಮಳೆಗೆ ನೆನೆದ ಹುಲ್ಲಿನ ದೊಡ್ಡ ರಾಶಿಯೊಳಗೆ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟುತ್ತದೆ, ಅದು ಹೊರಬರಲಾಗದೆ ಏರುತ್ತದೆ. ಲಾರಿಯಲ್ಲಿ ಬರುವ ಯಂತ್ರದ ಸುರುಳಿ ಕಟ್ಟುಗಳು ಹೊರಗೆ ಒಣಗಿದ್ದರೂ ನಡುವೆ ಒದ್ದೆಯಿರಬಹುದು. ಉದ್ದನೆಯ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆಯಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ, ಅಥವಾ ಬೆಲ್ಲ ಸುಟ್ಟಂಥ ವಾಸನೆ ಬಂದರೆ, ರಾಶಿಯನ್ನು ಅವಸರದಲ್ಲಿ ಬಿಡಿಸಬೇಡಿ. ಒಳಗೆ ಗಾಳಿ ನುಗ್ಗಿದ ಕ್ಷಣ ಅದು ಹೊತ್ತಿಕೊಳ್ಳಬಹುದು. ರಾಶಿಯ ಮೇಲೆ ಹತ್ತಲೂಬೇಡಿ, ಒಳಗೆ ಸುಟ್ಟು ಪೊಳ್ಳಾಗಿದ್ದರೆ ಕುಸಿಯುತ್ತದೆ. ದನಗಳನ್ನು ಹೊರಗೆ ಕಟ್ಟಿ 101ಕ್ಕೆ ಫೋನು ಮಾಡಿ, ಅಗ್ನಿಶಾಮಕದವರು ನೀರು ಸಿದ್ಧವಿಟ್ಟುಕೊಂಡು ಬಿಡಿಸಲಿ.

ಬೆಂಕಿ ಬಿದ್ದೇ ಬಿಟ್ಟರೆ ಮೊದಲು ಜನ, ಆಮೇಲೆ ದನ. ಕಣ್ಣಿಯ ಗಂಟು ಬಿಗಿದಿರುತ್ತದೆ, ಗಾಬರಿಯಲ್ಲಿ ಬಿಚ್ಚಲಾಗದು. ಹಟ್ಟಿಯ ಬಾಗಿಲ ಹೊರಗೆ, ಕೈಗೆ ಸಿಗುವಲ್ಲಿ, ಒಂದು ಕತ್ತಿ ಯಾವಾಗಲೂ ಸಿಕ್ಕಿಸಿಡಿ. ಹೊರಬಂದ ದನವನ್ನು ಬಿಟ್ಟುಬಿಟ್ಟರೆ ಮತ್ತೆ ಹಟ್ಟಿಗೇ ನುಗ್ಗಬಹುದು, ದೂರ ಒಯ್ದು ಕಟ್ಟಿ. ಅಟ್ಟದ ಹುಲ್ಲಿಗೆ ಬೆಂಕಿ ಹಿಡಿದ ಮೇಲೆ ಒಳಗೆ ಹೋಗಬಾರದು. ಕಾದ ಹಂಚಿಗೆ ನೀರು ಬಿದ್ದರೆ ಅದು ಒಡೆದು ತಲೆಯ ಮೇಲೆ ಸುರಿಯುತ್ತದೆ.

ಉಪ್ಪಳದಿಂದಾಗಲಿ ಕಾಸರಗೋಡಿನಿಂದಾಗಲಿ ಬಂಡಿ ಬಂದು, ನಮ್ಮ ತೋಟದ ಓಣಿಗಳಲ್ಲಿ ತಿರುಗಿ ಅಂಗಳ ಮುಟ್ಟುವವರೆಗೆ ಇರುವುದು ನಮ್ಮದೇ ನೀರು. ಅಡಿಕೆ ತೋಟಕ್ಕೆ ಪಂಪಿದೆ, ಸ್ಪ್ರಿಂಕ್ಲರಿನ ಪೈಪಿದೆ, ಅದರಿಂದ ಒಂದು ಕವಲು ತೆಗೆದು ಅಂಗಳದಲ್ಲಿ ನಳ್ಳಿ ಇಟ್ಟರೆ ಆಯಿತು ಎಂದು ನಾನೂ ಎಣಿಸಿದ್ದೆ. ಮೇಲೆ ಹೇಳಿದ ಮನೆಯಲ್ಲಿ ನಳ್ಳಿಯೂ ಇತ್ತು. ಆದರೆ ಪಂಪಿನ ವಯರು ಹಟ್ಟಿಯ ಮಾಡಿನಡಿಯಿಂದಲೇ ಹಾದು ಕೆರೆಯ ಬದಿಗೆ ಹೋಗಿತ್ತು. ಬೆಂಕಿ ಮಾಡಿಗೆ ಏರಿದ ಐದೇ ನಿಮಿಷಕ್ಕೆ ಪಂಪು ನಿಂತಿತು. ನಿಮ್ಮ ವಯರು ಎಲ್ಲಿಂದ ಹೋಗಿದೆ ಎಂದು ನಾಳೆ ಬೆಳಗ್ಗೆ ಒಮ್ಮೆ ಮೇಲೆ ನೋಡಿ.