ಸೀಲಿಯಾಕ್ ಪರೀಕ್ಷೆ: ಗೋಧಿ ಬಿಟ್ಟ ಮೇಲೆ ಬಂದ ‘ನೆಗೆಟಿವ್’ ಏಕೆ ನಂಬುವಂತಿಲ್ಲ

ಗೋಧಿ ತಿಂದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆಯ ಬಗ್ಗೆ ಓದುವಾಗ ನನಗೆ ಬಹಳ ದಿನ ಬಗೆಹರಿಯದ ಪ್ರಶ್ನೆಯೊಂದಿತ್ತು. ನಾವು ರಕ್ತದಲ್ಲಿ ಹುಡುಕುವ ಟಿಟಿಜಿ ಪ್ರತಿಕಾಯ ಗೋಧಿಯ ವಿರುದ್ಧ ಹುಟ್ಟಿದ್ದಲ್ಲ, ನಮ್ಮದೇ ದೇಹದ ಒಂದು ಕಿಣ್ವದ ವಿರುದ್ಧ ಹುಟ್ಟಿದ್ದು. ಆ ಕಿಣ್ವವಂತೂ ಯಾವಾಗಲೂ ನಮ್ಮೊಳಗೇ ಇರುತ್ತದೆ. ಹಾಗಿದ್ದ ಮೇಲೆ ಗೋಧಿ ತಿನ್ನುವುದನ್ನು ಬಿಟ್ಟರೆ ಪ್ರತಿಕಾಯ ಏಕೆ ಇಳಿಯಬೇಕು?

ಉತ್ತರ ಕರುಳಿನ ಒಳಪದರದ ಕೆಳಗಿದೆ. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಎಂಬ ಪ್ರೋಟೀನ್ ಪೂರ್ತಿ ಜೀರ್ಣವಾಗುವುದಿಲ್ಲ. ಒಳಗೆ ನುಸುಳಿದ ತುಣುಕುಗಳನ್ನು ಟಿಟಿಜಿ ಕಿಣ್ವ ಸ್ವಲ್ಪ ಮಾರ್ಪಡಿಸುತ್ತದೆ. ಮಾರ್ಪಟ್ಟ ತುಣುಕು ಎಚ್‌ಎಲ್‌ಎ ಡಿಕ್ಯು2 ಅಥವಾ ಡಿಕ್ಯು8 ಎಂಬ ಕೋಶದ ಮೇಲ್ಮೈಯ ಅಣುವಿನಲ್ಲಿ ಭದ್ರವಾಗಿ ಕೂತು ರೋಗನಿರೋಧಕ ಟಿ ಕೋಶಗಳನ್ನು ಕೆರಳಿಸುತ್ತದೆ. ಈ ಕೆಲಸದ ನಡುವೆ ಕಿಣ್ವವೂ ಗ್ಲುಟೆನ್ ತುಣುಕೂ ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಕಿಣ್ವವನ್ನು ಗುರುತಿಸುವ ಬಿ ಕೋಶ ಈ ಜೋಡಿಯನ್ನೇ ನುಂಗಿ, ಗ್ಲುಟೆನ್ ಭಾಗವನ್ನು ಟಿ ಕೋಶಕ್ಕೆ ತೋರಿಸಿ, ಅದರ ನೆರವಿನಿಂದ ಟಿಟಿಜಿ ಪ್ರತಿಕಾಯ ತಯಾರಿಸುತ್ತದೆ. ಹೆಚ್ಚಿನವರು ಒಪ್ಪಿರುವ ವಿವರಣೆ ಇದು. ಗ್ಲುಟೆನ್ ಬರುವುದು ನಿಂತರೆ ಟಿ ಕೋಶದ ನೆರವೂ ನಿಲ್ಲುತ್ತದೆ. ಪ್ರತಿಕಾಯ ವಾರಗಳು, ತಿಂಗಳುಗಳಲ್ಲಿ ಇಳಿಯುತ್ತದೆ, ಕರುಳೂ ನಿಧಾನವಾಗಿ ಮಾಯುತ್ತದೆ.

ಒಂದು ಕಲ್ಪಿತ ಪ್ರಕರಣ ನೋಡೋಣ. 30 ವರ್ಷದ ಮಹಿಳೆ. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ, ಹೊಟ್ಟೆ ಉಬ್ಬರ, ಆಗಾಗ ಭೇದಿ. ಯಾರೋ ಹೇಳಿದರೆಂದು ನಾಲ್ಕು ತಿಂಗಳಿಂದ ಚಪಾತಿ, ಬ್ರೆಡ್ ಬಿಟ್ಟಿದ್ದಾರೆ, ಈಗ ಹೊಟ್ಟೆ ಹಗುರವಾಗಿದೆ. ಟಿಟಿಜಿ-ಐಜಿಎ 6 ಯೂನಿಟ್ ಬಂತು, ಆ ಲ್ಯಾಬಿನ ಮಿತಿ 10. ಕಾಯಿಲೆ ಇಲ್ಲವೆಂದು ಬರೆದುಬಿಡಬಹುದೇ?

ಮೊದಲು ಒಟ್ಟು ಐಜಿಎ ನೋಡಬೇಕು. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಐಜಿಎ ಎಂಬ ಪ್ರತಿಕಾಯ ವರ್ಗವೇ ಇರುವುದಿಲ್ಲ. ಅವರಲ್ಲಿ ಈ ಪರೀಕ್ಷೆ ಸುಳ್ಳು ನೆಗೆಟಿವ್ ಆಗುತ್ತದೆ, ಮಾರ್ಪಟ್ಟ ಗ್ಲುಟೆನ್ ತುಣುಕಿನ ವಿರುದ್ಧದ ಐಜಿಜಿ ವರ್ಗದ ಪ್ರತಿಕಾಯ ಹುಡುಕುವ ಡಿಜಿಪಿ ಪರೀಕ್ಷೆ ಬೇಕಾಗುತ್ತದೆ. ಇವರ ಐಜಿಎ ಸರಿಯಾಗಿದೆ. ಹಾಗಾದರೆ ಅನುಮಾನ ಉಳಿಯುವುದು ಊಟದ ಮೇಲೆ. ಊಟಕ್ಕೆ ಬಗ್ಗದ ಪರೀಕ್ಷೆ ಒಂದೇ, ಹುಟ್ಟಿನಿಂದ ಬಂದ ಜೀನ್ ನೋಡುವ ಎಚ್‌ಎಲ್‌ಎ. ಡಿಕ್ಯು2, ಡಿಕ್ಯು8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುತೇಕ ಇಲ್ಲ. ಇದ್ದರೆ ಮಾತ್ರ ಏನೂ ಸಾಬೀತಾಗದು, ಆರೋಗ್ಯವಂತರಲ್ಲೂ ಇವು ಸಾಮಾನ್ಯ. ಇವರಿಗೆ ಡಿಕ್ಯು2 ಇದೆ.

ಈಗ ವೈದ್ಯರ ನಿಗಾದಲ್ಲಿ ಮತ್ತೆ ಗ್ಲುಟೆನ್ ತಿನ್ನಿಸಬೇಕು. ದಿನಕ್ಕೆ ಕನಿಷ್ಠ 3 ಗ್ರಾಂ, ಎರಡು ವಾರ, ತಡೆದುಕೊಳ್ಳಲು ಆದರೆ ಆರರಿಂದ ಎಂಟು ವಾರ. ಗೋಧಿ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್ ಎಂದು ಲೆಕ್ಕ ಹಿಡಿದರೆ, 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ 3 ಗ್ರಾಂ ಆಯಿತು. ದಿನಕ್ಕೆ ಎರಡು ತಿಂದರೆ ಧೈರ್ಯ. ನಮ್ಮಲ್ಲಿ ಇಲ್ಲೊಂದು ಎಡವು ಇದೆ. ರಾಗಿ ಮುದ್ದೆ, ಅನ್ನ, ಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ‘ಎಲ್ಲಾ ತಿಂತೀನಿ ಡಾಕ್ಟ್ರೇ’ ಎಂದವರು ವಾರಕ್ಕೊಮ್ಮೆ ಉಪ್ಪಿಟ್ಟು ಬಿಟ್ಟರೆ ಗೋಧಿ ಮುಟ್ಟದವರಿರಬಹುದು. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂದು ಬಿಡಿಸಿ ಕೇಳಲೇಬೇಕು.

ಎಂಟು ವಾರದ ನಂತರ ಟಿಟಿಜಿ 64. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಆರಂಭದ ಡ್ಯುಯೋಡಿನಮ್‌ನ ಎರಡನೇ ಭಾಗದಿಂದ ನಾಲ್ಕು ಚೂರು, ಮೊದಲ ಭಾಗದ ಬಲ್ಬಿನಿಂದ ಎರಡು ಚೂರು ಬಯಾಪ್ಸಿಗೆ ತೆಗೆದರು. ಇಷ್ಟು ಏಕೆಂದರೆ ಹಾನಿ ತೇಪೆ ತೇಪೆಯಾಗಿರುತ್ತದೆ, ಒಂದೇ ಚೂರು ಒಳ್ಳೆಯ ಜಾಗದಿಂದ ಬಂದರೆ ಕಾಯಿಲೆ ತಪ್ಪಿಹೋಗುತ್ತದೆ. ವರದಿಯಲ್ಲಿ ಮೂರು ಸಂಗತಿ ಓದಿ. ಒಳಪದರದ ಮೇಲ್ಮೈ ಕೋಶಗಳ ನಡುವೆ ಲಿಂಫೋಸೈಟ್‌ಗಳು ಎಷ್ಟು (100 ಕೋಶಕ್ಕೆ 25 ದಾಟಿದರೆ ಹೆಚ್ಚು), ಒಳಪದರದ ಗುಳಿಗಳಾದ ಕ್ರಿಪ್ಟ್‌ಗಳು ಉದ್ದವಾಗಿವೆಯೇ, ಬೆರಳಿನಂಥ ವಿಲ್ಲೈ ಕುಗ್ಗಿವೆಯೇ. ಹಾನಿಯ ಮಟ್ಟ ಹೇಳುವ ಮಾರ್ಷ್ ವರ್ಗೀಕರಣದಲ್ಲಿ ಮೊದಲನೆಯದು ಮಾತ್ರ ಇದ್ದರೆ 1, ಕ್ರಿಪ್ಟ್ ಸೇರಿದರೆ 2, ವಿಲ್ಲೈ ಕುಗ್ಗಿದ್ದರೆ 3. ಇವರದು 40 ಲಿಂಫೋಸೈಟ್, ವಿಲ್ಲೈ ಸ್ವಲ್ಪ ಕುಗ್ಗಿವೆ: ಮಾರ್ಷ್ 3ಎ.

ಚಿತ್ರ ಒಂದನ್ನೇ ನಂಬಬೇಡಿ. ಟ್ರಾಪಿಕಲ್ ಸ್ಪ್ರೂ ಎಂಬ ಕರುಳಿನ ಕಾಯಿಲೆ, ಜಿಯಾರ್ಡಿಯಾ ಎಂಬ ಪರಾವಲಂಬಿ, ರಕ್ತದೊತ್ತಡದ ಓಲ್ಮೆಸಾರ್ಟನ್ ಮಾತ್ರೆ ಇವೂ ವಿಲ್ಲೈ ಚಪ್ಪಟೆ ಮಾಡಬಲ್ಲವು. ಓರೆಯಾಗಿ ಕತ್ತರಿಸಿದ ಚೂರಿನಲ್ಲಿ ಆರೋಗ್ಯವಂತ ವಿಲ್ಲೈ ಕೂಡ ಗಿಡ್ಡವಾಗಿ ಕಾಣುತ್ತದೆ. ಇಲ್ಲಿ ಏರಿದ ಟಿಟಿಜಿ, ಬಯಾಪ್ಸಿ, ಡಿಕ್ಯು2 ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ. ಇನ್ನು ಈಕೆ ಗೋಧಿ ಬಿಡಬಹುದು, ಈ ಸಲ ಜೀವನಪೂರ್ತಿ. ಆರು ತಿಂಗಳಿಗೆ ಟಿಟಿಜಿ ಮತ್ತೆ ನೋಡಿದಾಗ ಅದು ಇಳಿಯುತ್ತಿರಬೇಕು. ಇಳಿಯದಿದ್ದರೆ ಮೊದಲು ಹುಡುಕಬೇಕಾದ್ದು ಊಟದಲ್ಲಿ ಅರಿಯದೆ ಸೇರುತ್ತಿರುವ ಗೋಧಿಯನ್ನು. ಪುಡಿ ಮಾಡಿದ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ, ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದಿದರೆ ಗೊತ್ತಾಗುತ್ತದೆ.